ಗಿಳಿಯ ತಲೆ ಹೇಳುವ ಸುಳಿವು

ಸಾಕಿದ ಆಫ್ರಿಕನ್ ಗ್ರೇ ಗಿಳಿಯ ಎದೆ ಬೋಳಾಗಿದ್ದರೆ ಮೊದಲು ಅದರ ತಲೆ ನೋಡಿ. ತನ್ನ ತಲೆಗೆ ಅದರ ಕೊಕ್ಕು ಎಟುಕುವುದಿಲ್ಲ. ತಲೆಯ ಗರಿ ನೆಟ್ಟಗಿದ್ದು ಎದೆ, ತೊಡೆ ಮಾತ್ರ ಬೋಳಾಗಿದ್ದರೆ, ಬಹುಮಟ್ಟಿಗೆ ಅದು ತಾನೇ ಕಿತ್ತುಕೊಳ್ಳುತ್ತಿದೆ. ತಲೆಯ ಗರಿಯೂ ಉದುರಿ, ಹೊಸ ಗರಿ ಸೊಟ್ಟಗೆ ಬರುತ್ತಿದ್ದರೆ ಸರ್ಕೋವೈರಸ್ ಸೋಂಕಿರಬಹುದು. ರಕ್ತಪರೀಕ್ಷೆ ಆಗುವವರೆಗೆ ಬೇರೆ ಗಿಳಿಗಳಿಂದ ದೂರವಿಡಿ.

ಗ್ರೇ ಗಿಳಿಯ ಮೈಯಿಂದ ಬಿಳಿ ಪುಡಿ ಉದುರುವುದು ಸಹಜ. ಆದರೆ ಚರ್ಮವೇ ಹೊಟ್ಟಿನಂತೆ ಏಳುತ್ತಿದ್ದರೆ ಆಹಾರ ವಿಚಾರಿಸಬೇಕು. ಬರೀ ಸೂರ್ಯಕಾಂತಿ ಬೀಜ ತಿನ್ನುವ ಹಕ್ಕಿಗೆ ಎ ಜೀವಸತ್ವ, ಕ್ಯಾಲ್ಸಿಯಂ ಸಾಲದು. ಚರ್ಮ ಒಣಗುತ್ತದೆ, ತುರಿಸುತ್ತದೆ, ಕಿತ್ತ ಜಾಗದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ನಿಧಾನವಾಗಿ ಪೆಲೆಟ್, ಕ್ಯಾರೆಟ್, ಸೊಪ್ಪಿಗೆ ಹೊರಳಿಸಿ. ಒಮ್ಮೆಲೇ ಬದಲಿಸಿದರೆ ಅದು ಉಪವಾಸ ಬೀಳುತ್ತದೆ.

ಕಾಡಿನಲ್ಲಿ ಮೇವು ಹುಡುಕಲು ಗಂಟೆಗಟ್ಟಲೆ ಹಿಡಿಯುತ್ತದೆ. ಪಂಜರದ ಬಟ್ಟಲು ನಿಮಿಷಗಳಲ್ಲಿ ಖಾಲಿ. ಉಳಿದ ಹೊತ್ತೆಲ್ಲ ಕೊಕ್ಕಿಗೆ ಸಿಗುವುದು ತನ್ನ ಗರಿಯೇ. ಕಾಳನ್ನು ಕಾಗದದಲ್ಲಿ ಸುತ್ತಿ ಕೊಡಿ, ಹರಿದು ತಿನ್ನಲಿ. ಆದರೂ ಬೇಸರವೇ ಕಾರಣವೆಂದು ಒಪ್ಪುವುದು ಸೋಂಕಿಲ್ಲವೆಂದು ವೈದ್ಯರು ಹೇಳಿದ ಮೇಲೆ. ದಯವಿಟ್ಟು ಚರ್ಮಕ್ಕೆ ಎಣ್ಣೆ ಹಚ್ಚಬೇಡಿ. ಗರಿಗಳು ಅಂಟಿಕೊಂಡು ಮೈಯ ಬಿಸಿ ನಿಲ್ಲುವುದಿಲ್ಲ.