ಸೋಮವಾರದ ವರದಿ ತಾನಾಗಿಯೇ ಬರಬೇಕಾದರೆ

ಸಗಟು ಮಾರಾಟದ ಕಚೇರಿಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಸೋಮವಾರ ಅಲ್ಲಿನ ಡೇಟಾ ವಿಶ್ಲೇಷಕಿ ಐದು ಶಾಖೆಗಳ ಎಕ್ಸೆಲ್ ಫೈಲುಗಳನ್ನು ಒಂದರ ಕೆಳಗೊಂದು ಅಂಟಿಸಿ, ವಾಪಸು ಬಂದ ಸರಕಿನ ಮೊತ್ತ ಕಳೆದು, ಮಧ್ಯಾಹ್ನದೊಳಗೆ ವರದಿ ಕಳಿಸುತ್ತಾರೆ. ಈ ಕೆಲಸವನ್ನು ಪವರ್ ಬಿಐಗೆ ವಹಿಸಲು ಮ್ಯಾನೇಜರಿಗೆ ಪತ್ರ ಬರೆಯಬೇಕಿದೆ.

"ಸಮಯ ಉಳಿಯುತ್ತದೆ ಸರ್" ಎಂದಷ್ಟೇ ಬರೆದರೆ ಸಾಲದು. ಮ್ಯಾನೇಜರಿನ ಅಳುಕೇ ಬೇರೆ: ಅಂಕಿ ತಪ್ಪಿದರೆ ಗೊತ್ತಾಗುವುದು ಹೇಗೆ?

ಆ ಅಳುಕು ನ್ಯಾಯವಾದದ್ದೇ. ಕೈಯಲ್ಲಿ ಮಾಡುವಾಗ ಒಂದು ಶಾಖೆಯ ಫೈಲು ಬಾರದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಫೋಲ್ಡರಿನಿಂದ ತಾನಾಗಿ ಓದುವ ವ್ಯವಸ್ಥೆಯಾದರೋ, ಇರುವ ನಾಲ್ಕನ್ನೇ ಕೂಡಿಸಿ ರಿಫ್ರೆಶ್ ಯಶಸ್ವಿ ಎಂದುಬಿಡುತ್ತದೆ. ಹಾಗಾಗಿ ವರದಿಯ ಮೇಲ್ಭಾಗದಲ್ಲೇ ಪ್ರತಿ ಶಾಖೆಯ ಕೊನೆಯ ಬಿಲ್ಲಿನ ದಿನಾಂಕ, ಸಾಲುಗಳ ಸಂಖ್ಯೆ ಕಾಣುತ್ತವೆ ಎಂದು ಪತ್ರ ಮಾತು ಕೊಡಬೇಕು.

ನಾಲ್ಕು ವಾರ ಹಳೆಯದೂ ಹೊಸದೂ ಜೊತೆಯಾಗಿ ನಡೆಯಲಿ ಎಂದೂ ಕೇಳಬೇಕು. ಆಗ ಮೊತ್ತಗಳು ಹೊಂದದಿರುವುದು ಸಹಜ. ವಾಪಸು ಸರಕನ್ನು ಬಿಲ್ಲು ಬರೆದ ವಾರದಲ್ಲಿ ಕಳೆಯಬೇಕೋ, ಮರಳಿ ಬಂದ ವಾರದಲ್ಲೋ? ಇದನ್ನು ಮ್ಯಾನೇಜರೇ ತೀರ್ಮಾನಿಸಬೇಕು. ಇಷ್ಟು ವರ್ಷ ಅದು ವಿಶ್ಲೇಷಕಿಯ ತಲೆಯಲ್ಲಷ್ಟೇ ಇದ್ದಿರಬಹುದು.

ಫೈಲುಗಳು ಕಚೇರಿಯ ಸರ್ವರಿನಲ್ಲಿದ್ದರೆ, ಸದಾ ಚಾಲೂ ಇರುವ ಕಂಪ್ಯೂಟರಿನಲ್ಲಿ ಗೇಟ್‌ವೇ ಎಂಬ ತಂತ್ರಾಂಶ ಹಾಕಬೇಕು. ಅದಕ್ಕೆ ಐಟಿ ವಿಭಾಗದ ಒಪ್ಪಿಗೆ ಬೇಕು. ಸತತ ನಾಲ್ಕು ಸಲ ವಿಫಲವಾದರೆ ಪವರ್ ಬಿಐ ನಿಗದಿತ ರಿಫ್ರೆಶ್ಶನ್ನೇ ನಿಲ್ಲಿಸುತ್ತದೆ. ಹಾಗಾಗಿ ವೈಫಲ್ಯದ ಇಮೇಲ್ ವಿಶ್ಲೇಷಕಿಯ ಜೊತೆಗೆ, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಸಹೋದ್ಯೋಗಿಗೂ ಹೋಗಬೇಕು.