ಶಕ್ತಿಯರಿತ ತ್ಯಾಗ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಅನೇಕ ಬಸದಿಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ವಾಚನ ನಡೆಯುತ್ತದೆ. ಏಳನೆಯ ದಿನ ಓದುವ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣ ಬರುತ್ತದೆ. ಮರುದಿನ ಎಂಟನೆಯ ಧರ್ಮವಾದ ಉತ್ತಮ ತ್ಯಾಗದ ಆರಾಧನೆ. ಹೀಗೆ ದಾನ ಮತ್ತು ತ್ಯಾಗಗಳ ವಿಚಾರ ಒಂದರ ಬೆನ್ನಿಗೊಂದು ನಮ್ಮ ಕಿವಿಗೆ ಬೀಳುತ್ತದೆ. ಆದರೂ ಎಷ್ಟು ಕೊಡಬೇಕು, ಯಾವುದನ್ನು ಕೊಡಬೇಕು ಎಂಬ ಪ್ರಶ್ನೆ ಬಹಳ ಮಂದಿ ಶ್ರಾವಕರ ಮನಸ್ಸಿನಲ್ಲಿ ಉಳಿದೇ ಇರುತ್ತದೆ. ಸಭೆಯಲ್ಲಿ ಹೆಸರು ಕೂಗುವಾಗ ಕೆಲವರು ಸಂತೋಷದಿಂದ ಕೈಯೆತ್ತುತ್ತಾರೆ, ಕೆಲವರು ಸಂಕೋಚದಿಂದ ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸುವವರಿಗೆ ಶಾಸ್ತ್ರವು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ಆರನೆಯ ಅಧ್ಯಾಯದಲ್ಲಿ ಎಣಿಸುತ್ತಾರೆ. ಅವುಗಳಲ್ಲಿ ತ್ಯಾಗ ಮತ್ತು ತಪಸ್ಸು ಎರಡಕ್ಕೂ ಅವರು ಒಂದೇ ವಿಶೇಷಣವನ್ನು ಜೋಡಿಸಿದ್ದಾರೆ: ಶಕ್ತಿಗೆ ತಕ್ಕಂತೆ ಎಂಬುದು. ಈ ಮಾತಿಗೆ ಎರಡು ಮುಖಗಳಿವೆ. ಶಕ್ತಿಯನ್ನು ಮೀರಬಾರದು ಎಂಬುದು ಒಂದು, ಇರುವ ಶಕ್ತಿಯನ್ನು ಬಚ್ಚಿಡಬಾರದು ಎಂಬುದು ಇನ್ನೊಂದು. ಮೊದಲನೆಯದು ಬಡವನನ್ನು ಅಪರಾಧಭಾವದಿಂದ ಬಿಡಿಸುತ್ತದೆ. ಎರಡನೆಯದು ಉಳ್ಳವನನ್ನು ನೆಪಗಳಿಂದ ಬಿಡಿಸುತ್ತದೆ.

ಮೊದಲ ಮುಖವನ್ನು ನಮ್ಮ ಸೀಮೆಯ ಒಂದು ಲೆಕ್ಕದಿಂದ ತಿಳಿಯಬಹುದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ಒಬ್ಬ ರೈತ ಶ್ರಾವಕನಿಗೆ 2 ಲಕ್ಷ ರೂಪಾಯಿ ಬಂತೆಂದು ಭಾವಿಸೋಣ. ಬೀಜ, ಗೊಬ್ಬರ, ಔಷಧಗಳ ಸಾಲ 80 ಸಾವಿರ. ಕಾಯಿ ಬಿಡಿಸಿ ಒಣಗಿಸಿದ ಆಳುಗಳ ಕೂಲಿ 30 ಸಾವಿರ. ಮನೆಯ ಖರ್ಚಿಗೂ ಮಕ್ಕಳ ಓದಿಗೂ 60 ಸಾವಿರ, ಮುಂದಿನ ಬಿತ್ತನೆಗೆ 20 ಸಾವಿರ. ಇನ್ನು ಉಳಿದದ್ದು 10 ಸಾವಿರ. ಆತ ಸಭೆಯ ಉತ್ಸಾಹದಲ್ಲಿ 25 ಸಾವಿರ ಕೂಗಿದನೆನ್ನಿ. ಮಿಕ್ಕ 15 ಸಾವಿರ ಎಲ್ಲಿಂದ ಬರಬೇಕು? ಆಳಿನ ಕೂಲಿಯಿಂದ, ಇಲ್ಲವೇ ಅಂಗಡಿಯವನ ಬಾಕಿಯಿಂದ. ತನ್ನ ಧನವನ್ನು ಅನುಗ್ರಹಕ್ಕಾಗಿ ಬಿಟ್ಟುಕೊಡುವುದೇ ದಾನವೆಂದು ಸೂತ್ರದ ಅಭಿಪ್ರಾಯ. ಕೊಡಬೇಕಾದ ಕೂಲಿ ಕೈಯಲ್ಲಿದ್ದರೂ ತನ್ನದಲ್ಲ. ಅದನ್ನು ಎತ್ತಿ ಬಸದಿಗೆ ಕೊಟ್ಟರೆ, ಕೊಟ್ಟವನು ರೈತನಲ್ಲ, ಆ ಕೂಲಿಯಾಳು. ಅದೂ ಅವನ ಒಪ್ಪಿಗೆಯಿಲ್ಲದೆ. ಸಾಗಾರಧರ್ಮಾಮೃತದಲ್ಲಿ ಆಶಾಧರ ಪಂಡಿತರು ಶ್ರಾವಕನಾಗಲು ಯೋಗ್ಯನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಇಟ್ಟಿದ್ದಾರೆ. ಪೂಜೆ, ದಾನಗಳೆಲ್ಲ ಆ ನೆಲದ ಮೇಲೆ ನಿಲ್ಲಬೇಕು. ಆದ್ದರಿಂದ ಈ ರೈತನು 10 ಸಾವಿರದೊಳಗೆ ತನಗೆ ತೋಚಿದಷ್ಟನ್ನು ಕೊಟ್ಟರೆ ಅದು ಪೂರ್ಣ ದಾನವೇ. ಬೆಳೆ ಕೆಟ್ಟ ವರ್ಷ ಏನನ್ನೂ ಕೊಡಲಾಗದಿದ್ದರೆ ಅದು ದೋಷವೆನಿಸದು.

ಧನವಿಲ್ಲದವನಿಗೆ ದಾನವೇ ಇಲ್ಲವೆ? ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳಿಗೆ ನಾಲ್ಕು ದೃಷ್ಟಾಂತಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕೊನೆಯದು ಒಂದು ಕಾಡುಹಂದಿ! ಟೀಕಾಕಾರರು ವಿವರಿಸುವ ಕಥೆಯ ಪ್ರಕಾರ, ಗುಹೆಯಲ್ಲಿ ಧ್ಯಾನಸ್ಥರಾಗಿದ್ದ ಮುನಿಗಳನ್ನು ತಿನ್ನಲು ಹುಲಿಯೊಂದು ಬಂತು. ಹಂದಿ ಗುಹೆಯ ಬಾಗಿಲಲ್ಲಿ ನಿಂತು ಹೋರಾಡಿತು. ಎರಡೂ ಸತ್ತವು. ಕಾದಾಟ ಒಂದೇ, ಸಾವೂ ಒಂದೇ. ಆದರೆ ರಕ್ಷಿಸುವ ಭಾವದ ಹಂದಿಗೆ ಸ್ವರ್ಗ, ಭಕ್ಷಿಸುವ ಭಾವದ ಹುಲಿಗೆ ನರಕ. ಇನ್ನೊಂದು ದೃಷ್ಟಾಂತವಾದ ಕೌಂಡೇಶನು ಹಿಂದಿನ ಭವದಲ್ಲಿ ದನ ಕಾಯುವ ಗೋವಳ. ಮರದ ಪೊಟರೆಯಲ್ಲಿ ಸಿಕ್ಕ ಶಾಸ್ತ್ರಗ್ರಂಥವನ್ನು ಭಕ್ತಿಯಿಂದ ಮುನಿಗೆ ಒಪ್ಪಿಸಿದ್ದೇ ಆತನ ದಾನ. ಓದಲು ಶಾಸ್ತ್ರ, ಇರಲು ನೆಲೆ, ಭಯಪಟ್ಟವನಿಗೆ ಆಸರೆ ಇವೆಲ್ಲ ಹಣದಿಂದಲೇ ಆಗಬೇಕಾದ ಕೆಲಸಗಳಲ್ಲವೆಂದು ಈ ಕಥೆಗಳು ಹೇಳುತ್ತವೆ.

ಈಗ ಎರಡನೆಯ ಮುಖ, ಶಕ್ತಿಯನ್ನು ಬಚ್ಚಿಡದಿರುವುದು. ಇದಕ್ಕೆ ನೆರೆಯ ಗದಗ ಜಿಲ್ಲೆಯ ಲಕ್ಕುಂಡಿಯೇ ಸಾಕ್ಷಿ. ಅಲ್ಲಿಯ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅಲ್ಲಿಯ ಶಾಸನದ ಕಾಲ 1007. ಗಂಡ ನಾಗದೇವ ಯುದ್ಧದಲ್ಲಿ ಮಡಿದ ಮೇಲೆ ಆಕೆ ತನ್ನ ಐಶ್ವರ್ಯವನ್ನು ಧರ್ಮಕ್ಕೆ ತಿರುಗಿಸಿದಳು. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯವಿತ್ತವಳು ಆಕೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಇದರ ಬೆಲೆ ತಿಳಿಯಬೇಕಾದರೆ ಓಲೆಗರಿಯ ಕಾಲವನ್ನು ನೆನೆಯಬೇಕು. ಗರಿಯನ್ನು ಹದಗೊಳಿಸಿ, ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತುಂಬಬೇಕು. ಹುಳು, ತೇವಗಳಿಂದ ಗರಿ ಸವೆಯುತ್ತಿದ್ದಂತೆ ಮತ್ತೆ ಪ್ರತಿ ಮಾಡದಿದ್ದರೆ ಕೃತಿಯೇ ಅಳಿಯುತ್ತದೆ. ಒಂದೇ ಪ್ರತಿಯನ್ನು ಪೆಟ್ಟಿಗೆಯಲ್ಲಿ ಕಾಪಾಡುವುದಕ್ಕಿಂತ ಸಾವಿರ ಕೈಗಳಿಗೆ ಒಪ್ಪಿಸುವುದೇ ನಿಜವಾದ ಕಾಪಾಡುವಿಕೆಯೆಂದು ಆಕೆ ಕಂಡಳು. ಗೋವಳನ ಒಂದು ಗ್ರಂಥಕ್ಕೂ ಅತ್ತಿಮಬ್ಬೆಯ ಸಾವಿರ ಗ್ರಂಥಕ್ಕೂ ಅಳತೆಗೋಲು ಒಂದೇ: ಅವರವರ ಶಕ್ತಿ.

ಆದರೆ ನಮ್ಮ ಶಕ್ತಿ ಇಷ್ಟೆಂದು ತಿಳಿಯುವುದು ಹೇಗೆ? ಗಳಿಕೆ ಹೆಚ್ಚಿದಂತೆ ಅಗತ್ಯಗಳೂ ಹೆಚ್ಚುತ್ತವೆಯಾದ್ದರಿಂದ ಕೊಡುವ ಹೊತ್ತಿಗೆ ಯಾವಾಗಲೂ ಏನೂ ಉಳಿದಿರುವುದಿಲ್ಲ. ಇದಕ್ಕೆ ಶಾಸ್ತ್ರ ಹೇಳುವ ಉಪಾಯ ಪರಿಗ್ರಹ ಪರಿಮಾಣ ಅಣುವ್ರತ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮುಂತಾದವುಗಳಿಗೆ ಇಷ್ಟೇ ಸಾಕೆಂದು ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳುವುದು. ಆ ಅಂಕಿಯನ್ನು ಬೇರೆಯವರು ಗೊತ್ತುಪಡಿಸುವಂತಿಲ್ಲ. ಮಿತಿಯನ್ನು ಮೊದಲೇ ಹಾಕಿಕೊಂಡವನಿಗೆ, ಮುಂದಿನ ವರ್ಷ ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಬಂದಾಗ ಹೆಚ್ಚಳವು ಎಲ್ಲಿಗೆ ಹೋಗಬೇಕೆಂಬ ಜಗ್ಗಾಟವಿರುವುದಿಲ್ಲ. ಮಿತಿಯ ಆಚೆಗಿನದು ತನ್ನ ಕೈಗೆ ಬಂದ ನಿಕ್ಷೇಪ. ಅದನ್ನು ಕೊಡುವಾಗ ಕಿತ್ತುಕೊಟ್ಟಂತೆ ಎನಿಸುವುದಿಲ್ಲ.

ದಾನವು ದಾರಿ ತಪ್ಪಿತೆಂದು ತಿಳಿಯಲೂ ಗುರುತುಗಳಿವೆ. ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ ಮಾತ್ಸರ್ಯವೂ ಒಂದು. ಕೊಡುತ್ತಿದ್ದರೂ ಆದರವಿಲ್ಲದಿರುವುದು, ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು ಎಂದು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತಾರೆ. ದಾನಿಗೆ ಇರಬೇಕಾದ ಗುಣಗಳಾಗಿ ಅಸೂಯೆಯಿಲ್ಲದಿರುವುದನ್ನೂ ವಿಷಾದವಿಲ್ಲದಿರುವುದನ್ನೂ ಅವರು ಹೇಳುತ್ತಾರೆ. ಅಭಿಷೇಕದ ಕಲಶಕ್ಕೆ ಸವಾಲು ನಡೆಯುವಾಗ ಭಕ್ತಿಯಿಂದ ಕೂಗಿದ್ದು ದಾನ. ಪಕ್ಕದ ಮನೆಯವರು ಮೇಲಾಗಬಾರದೆಂದು ಏರಿಸಿದ ಮೊತ್ತದಲ್ಲಿ ಮಾತ್ಸರ್ಯ ಸೇರಿತು. ರಾತ್ರಿ ಮನೆಯಲ್ಲಿ ಹಾಸಿಗೆಯ ಮೇಲೆ ಆ ಮೊತ್ತವನ್ನು ನೆನೆದು ಮನಸ್ಸು ಕುದಿದರೆ ಅದು ವಿಷಾದ. ಆಗ ಕೊಟ್ಟದ್ದು ಶಕ್ತಿಯನ್ನು ಮೀರಿತ್ತು, ಇಲ್ಲವೇ ಮನಸ್ಸು ಅದನ್ನು ಇನ್ನೂ ಬಿಟ್ಟಿಲ್ಲ.

ಇದು ಕೇಳುವವರಿಗೂ ಅನ್ವಯಿಸುತ್ತದೆ. ಅನುಗ್ರಹವೆಂದರೆ ಕೊಡುವವನಿಗೂ ಪಡೆಯುವವನಿಗೂ ಆಗುವ ಉಪಕಾರವೆಂದು ಪೂಜ್ಯಪಾದರ ವ್ಯಾಖ್ಯಾನ. ಹತ್ತು ಜನರೆದುರು ನಾಚಿಸಿ ಪಡೆದ ಹಣದಿಂದ ಬಸದಿಯ ಮಾಳಿಗೆ ದುರಸ್ತಿಯಾದೀತು, ಆದರೆ ಕೊಟ್ಟವನಿಗೆ ದೊರೆತದ್ದು ವಿಷಾದ ಮಾತ್ರ. ಅರ್ಧ ಅನುಗ್ರಹ ಅಲ್ಲಿಯೇ ನಷ್ಟವಾಯಿತು. ಆದ್ದರಿಂದ ಕಾರ್ಯ ಯಾವುದು, ಬೇಕಾದ ಮೊತ್ತ ಎಷ್ಟು, ಈವರೆಗೆ ಬಂದದ್ದೆಷ್ಟು ಎಂಬುದನ್ನು ತಿಳಿಸಿ, ಉತ್ತರವನ್ನು ಅವರವರ ಮನೆಗೆ ಬಿಡುವುದೇ ಶಾಸ್ತ್ರಕ್ಕೆ ಒಪ್ಪುವ ಕ್ರಮ. ಒಬ್ಬರು ಸಾವಿರ ತಂದಾರು, ಒಬ್ಬರು ಒಂದು ಸೇರು ಅಕ್ಕಿ ತಂದಾರು. ಇನ್ನೊಬ್ಬರು ಬಂದು ಒಂದು ದಿನ ಅಂಗಳ ಗುಡಿಸಿ ಹೋದಾರು. ತ್ಯಾಗದ ಮರುದಿನ ಬರುವುದು ಉತ್ತಮ ಆಕಿಂಚನ್ಯ, ನನ್ನದೆಂಬುದು ಏನೂ ಇಲ್ಲವೆಂಬ ಭಾವ. ಹಿಂದಿನ ದಿನ ಹಗುರಾಗಿ ಕೊಟ್ಟವನಿಗೆ ಆ ಪಾಠವು ಬೇಗನೆ ಅರ್ಥವಾಗುತ್ತದೆ.