ಪಟ್ಟು ಹಾಕುವ ಮೊದಲು ಪಾದ ಊರಬೇಕು

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಹಿರಿಯ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಯಾರಿಗೆ ಯಾರು ಸರಿಸಮ ಎಂದು ನೋಡುತ್ತಾರೆ. ಶಾಲೆಯಲ್ಲಿ ಕುಸ್ತಿ ಕಲಿಸುವವರ ಮೊದಲ ಕೆಲಸವೂ ಇದೇ. ಆರನೇ ತರಗತಿಯಲ್ಲಿ 28 ಕೆ.ಜಿ. ತೂಗುವ ಮಗುವೂ 45 ಕೆ.ಜಿ. ತೂಗುವ ಮಗುವೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ತರಗತಿ ಒಂದೇ ಎಂದು ಅವರನ್ನು ಜೋಡಿ ಮಾಡಿದರೆ ಅಪಾಯ ಅಲ್ಲಿಂದಲೇ ಶುರು. ತೂಕ, ಎತ್ತರ, ಅನುಭವ ಮೂರೂ ಹೊಂದಬೇಕು.

ಜೋಡಿ ಆದ ಮೇಲೆ ನಿಲುವು. ಪಾದಗಳ ನಡುವೆ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು ಅಂತರವಿರಲಿ, ಒಂದು ಪಾದ ಅರ್ಧ ಹೆಜ್ಜೆ ಮುಂದಿರಲಿ. ಮೊಣಕಾಲು ಬಾಗಿರಬೇಕು, ಸೊಂಟ ಕೆಳಗಿಳಿದಿರಬೇಕು, ಬೆನ್ನು ನೇರ, ತಲೆ ಮೇಲೆ. ಮೊಣಕೈ ಪಕ್ಕೆಗೆ ಹತ್ತಿರ, ಅಂಗೈ ತೆರೆದು ಮುಂದೆ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವರು ತಾವಾಗಿಯೇ ಕಾಲು ಅಗಲಿಸಿ ಮೊಣಕಾಲು ಸಡಿಲಿಸುತ್ತಾರಲ್ಲ, ಇಲ್ಲಿಯ ಲೆಕ್ಕವೂ ಅದೇ. ಮೈಯ ಭಾರ ಎರಡು ಪಾದಗಳ ನಡುವಿನ ಜಾಗದ ಮೇಲಿರುವವರೆಗೆ ಮನುಷ್ಯ ಬೀಳುವುದಿಲ್ಲ. ಭಾರ ಆ ಜಾಗದಿಂದ ಆಚೆ ಹೋದರೆ ಎಷ್ಟು ಬಲವಿದ್ದರೂ ನಿಲ್ಲಲಾಗದು.

ಹೊಸಬರು ಸಾಮಾನ್ಯವಾಗಿ ಮೊಣಕಾಲು ಬಾಗಿಸದೆ ಸೊಂಟದಿಂದ ಬಗ್ಗುತ್ತಾರೆ. ಅವರ ಮುಖ ನೆಲ ನೋಡುತ್ತದೆ, ಭಾರ ಕಾಲ್ಬೆರಳಿಗೆ ಹೋಗುತ್ತದೆ. ಭುಜವನ್ನು ಮೆಲ್ಲಗೆ ಮುಂದಕ್ಕೆಳೆದರೆ ಹೆಜ್ಜೆ ತಪ್ಪುತ್ತದೆ. ನಡೆಯುವಾಗ ಕಾಲಿಗೆ ಕಾಲು ಅಡ್ಡ ಹಾಕುವುದು ಇನ್ನೊಂದು ತಪ್ಪು. ಪಾದ ಸರಿಸುತ್ತ, ಸಣ್ಣ ಹೆಜ್ಜೆ ಇಡುತ್ತ, ನಾಲ್ಕೂ ದಿಕ್ಕಿಗೆ ಚಲಿಸುವುದನ್ನು ಮೊದಲು ಒಬ್ಬೊಬ್ಬರೇ ರೂಢಿಸಿಕೊಳ್ಳಬೇಕು. ಆಮೇಲೆ ಜೋಡಿಯಲ್ಲಿ ಅಂಗೈಗೆ ಅಂಗೈ ಕೊಟ್ಟು ನಿಧಾನವಾಗಿ ತಳ್ಳಾಡಬಹುದು. ಪಾದ ಎತ್ತಿದವರು ಸೋತಂತೆ.

ಹಿಡಿಯುವುದಕ್ಕಿಂತ ಮುಂಚೆ ಬೀಳುವುದನ್ನು ಕಲಿಸಬೇಕು. ಹಿಂದಕ್ಕೆ ಬೀಳುವಾಗ ಕೈ ಚಾಚಿ ನೆಲಕ್ಕೆ ಊರುವುದು ಎಲ್ಲರ ಸಹಜ ಪ್ರತಿಕ್ರಿಯೆ. ಆದರೆ ಚಾಚಿದ ಒಂದೇ ಕೈ ಮೇಲೆ ಇಡೀ ಮೈಯ ಭಾರ ಬಿದ್ದಾಗಲೇ ಮಕ್ಕಳ ಮಣಿಕಟ್ಟೋ ಮೊಣಕೈಯೋ ಮುರಿಯುವುದು. ಆದ್ದರಿಂದ ಮ್ಯಾಟಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಗಲ್ಲವನ್ನು ಎದೆಗೆ ತಾಗಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಬೆನ್ನನ್ನು ಗುಂಡಗೆ ಮಾಡಿ ಹಿಂದಕ್ಕೆ ಉರುಳಿಸಬೇಕು. ತಲೆಯ ಹಿಂಭಾಗ ಮ್ಯಾಟಿಗೆ ತಾಗುತ್ತಿದ್ದರೆ ಆ ಮಗು ಇನ್ನೂ ನಿಂತು ಬೀಳಲು ಸಿದ್ಧವಿಲ್ಲ.

ಈಗ ಮೊದಲ ಹಿಡಿತ. 34 ಮತ್ತು 35 ಕೆ.ಜಿ. ತೂಗುವ ಇಬ್ಬರು ಹುಡುಗಿಯರು ಎದುರಾಗಿ ನಿಂತಿದ್ದಾರೆ ಎನ್ನೋಣ. ಮೊದಲನೆಯವಳು ಬಲ ಅಂಗೈಯನ್ನು ಎದುರಾಳಿಯ ಕತ್ತಿನ ಹಿಂದೆ ಇಡುತ್ತಾಳೆ, ಅದೇ ಕೈಯ ಮೊಣಕೈ ಕೆಳಮುಖವಾಗಿ ಎದುರಾಳಿಯ ಎದೆಗೆ ತಾಗಿರುತ್ತದೆ. ಎಡಗೈಯಿಂದ ಎದುರಾಳಿಯ ಬಲ ಮೊಣಕೈಯನ್ನು ಹಿಡಿಯುತ್ತಾಳೆ. ತಲೆಗಳು ಪಕ್ಕಪಕ್ಕದಲ್ಲಿರಬೇಕು, ಹಣೆಗೆ ಹಣೆ ಡಿಕ್ಕಿಯಾಗಬಾರದು. ಈಗ ಕೈಯಿಂದಷ್ಟೇ ಜಗ್ಗದೆ, ತಾನೂ ಒಂದು ಹೆಜ್ಜೆ ಹಿಂದೆ ಸರಿಯುತ್ತ ಎಳೆಯುತ್ತಾಳೆ. ಎದುರಾಳಿಯ ಭಾರ ಮುಂಗಾಲಿಗೆ ಬರುತ್ತದೆ, ಸಮತೋಲ ಉಳಿಸಿಕೊಳ್ಳಲು ಅವಳು ಹೆಜ್ಜೆ ಮುಂದಿಡಲೇಬೇಕು. ಅಭ್ಯಾಸ ಅಲ್ಲಿಗೇ ನಿಲ್ಲಬೇಕು. ಎದುರಾಳಿಯನ್ನು ಒಂದು ಹೆಜ್ಜೆ ಕದಲಿಸುವುದೇ ಇಂದಿನ ಗುರಿ, ಕೆಡವುವುದಲ್ಲ.

ಈ ಹಿಡಿತ ಕೆಡುವುದು ಬೆರಳುಗಳಿಂದ. ಹಿಂದೆ ಇರಬೇಕಾದ ಕೈ ಜಾರಿ ಗಂಟಲಿಗೆ ಬಂದರೆ ತಕ್ಷಣ ಬಿಡಿಸಬೇಕು. ಒಂದೊಂದೇ ಬೆರಳು ಹಿಡಿದು ತಿರುಚುವುದು, ತೋಳನ್ನು ಬೆನ್ನ ಹಿಂದೆ ಮುರಿದು ಹಿಡಿಯುವುದು, ಬಟ್ಟೆ ಜಗ್ಗುವುದು ಸಲ್ಲದು. ಎರಡೂ ಕಂಕುಳಿನಡಿ ಕೈ ತೂರಿಸಿ ಕತ್ತಿನ ಮೇಲೆ ಬೆಸೆದು ಒತ್ತುವ ಪಟ್ಟಂತೂ ಎಳೆಯ ಕತ್ತಿನ ಮೂಳೆಗೆ ಅಪಾಯಕಾರಿ. ಎತ್ತಿ ಒಗೆಯುವುದನ್ನೂ ಈ ಹಂತದಲ್ಲಿ ಪೂರ್ತಿ ದೂರವಿಡಬೇಕು.

ನೋವಾದರೆ ಮ್ಯಾಟನ್ನೋ ಎದುರಾಳಿಯ ಮೈಯನ್ನೋ ಎರಡು ಸಲ ತಟ್ಟಬೇಕು, ತಟ್ಟಿದ ಕ್ಷಣ ಹಿಡಿತ ಬಿಡಬೇಕು. ಇದನ್ನು ಮೊದಲ ದಿನವೇ ಆಟದಂತೆ ಹತ್ತಾರು ಸಲ ಮಾಡಿಸಿದರೆ ಮಾತ್ರ ಗಾಬರಿಯಲ್ಲಿ ನೆನಪಾಗುತ್ತದೆ. ಆದರೂ ನಾಚಿಕೆಗೆ ತಟ್ಟದೆ ಸಹಿಸುವ ಮಕ್ಕಳಿರುತ್ತಾರೆ. ಹಾಗಾಗಿ ತರಬೇತುದಾರರು ಜೋಡಿಯ ಪಕ್ಕದಲ್ಲೇ ನಿಂತು ಮುಖ ನೋಡುತ್ತಿರಬೇಕು. ಉಸಿರು ಬಿಗಿಹಿಡಿದ ಮಗು, ಕಣ್ಣು ಮುಚ್ಚಿಕೊಂಡ ಮಗು, ತೋಳನ್ನು ಕಾಪಾಡಿಕೊಳ್ಳುವ ಮಗು ಕಂಡರೆ ಆಟ ನಿಲ್ಲಿಸಬೇಕು. ಉಗುರು ಕತ್ತರಿಸಿದೆಯೇ, ಉಂಗುರ, ಓಲೆ, ಬಳೆ ತೆಗೆದಿದ್ದಾರೆಯೇ, ಚರ್ಮದ ಮೇಲೆ ಉಂಗುರದಾಕಾರದ ಹುಳುಕಡ್ಡಿ ಇದೆಯೇ ಎಂದು ಮ್ಯಾಟ್ ಹತ್ತುವ ಮುಂಚೆಯೇ ನೋಡಬೇಕು. ಅಂಥ ಸೋಂಕು ಮೈಯಿಂದ ಮೈಗೆ, ಮ್ಯಾಟಿನಿಂದ ಮೈಗೆ ಸುಲಭವಾಗಿ ಹರಡುತ್ತದೆ.

ಕಾಲು ಹಿಡಿದು ಕೆಡವುವ ಪಟ್ಟಿಗೆ ಯಾವಾಗ ಹೋಗಬಹುದು? ನಾಲ್ಕೂ ದಿಕ್ಕಿನಿಂದ ತಳ್ಳಿದಾಗ ಕಾಲು ಅಡ್ಡ ಹಾಕದೆ ನಿಲ್ಲಬೇಕು, ಬೀಳುವಾಗ ಕೈ ಊರದೆ ಉರುಳಬೇಕು, ತಟ್ಟಿದಾಗ ಹೇಳಿಸಿಕೊಳ್ಳದೆ ಬಿಡಬೇಕು. ಈ ಮೂರೂ ಮಗುವಿಗೆ ಅಭ್ಯಾಸವಾಗಿವೆಯೇ ಎಂದು ನೋಡಿದರೆ ಸಾಕು. ಆಗಲೂ ಮೊದಲು ಮಂಡಿಯೂರಿ ಅಭ್ಯಾಸ ಮಾಡಿಸಬೇಕು, ಏಕೆಂದರೆ ಬೀಳುವ ಎತ್ತರ ಕಡಿಮೆಯಾದಷ್ಟೂ ಪೆಟ್ಟು ಕಡಿಮೆ.